ಸ್ಲೈಡಿಂಗ್ ಕಾಂಪೌಂಡ್ ಗೇಟ್ ಕೂರಿಸುವುದು: ಟ್ರ್ಯಾಕಿನ ಪಾಯದಿಂದ ಸ್ಟಾಪರ್ ತನಕ

ಮೈಸೂರಿನ ಹೊರವಲಯದಲ್ಲಿ ನಮ್ಮದೊಂದು 40x60 ಸೈಟು. ಮನೆ ಮುಗಿದ ಮೇಲೆ ಸ್ಲೈಡಿಂಗ್ ಗೇಟ್ ಹಾಕಿಸಿದೆವು. ಗೇಟ್ ಚೆನ್ನಾಗಿಯೇ ಇತ್ತು, ಆದರೆ ಟ್ರ್ಯಾಕನ್ನು ನೆಲಕ್ಕೆ ಹಾಸಿದ್ದ ಕಾಂಕ್ರೀಟಿನ ಮೇಲೆಯೇ ಇಟ್ಟು, ಡ್ರಿಲ್ ಮಾಡಿ ಆಂಕರ್ ಬೋಲ್ಟ್ ಹೊಡೆದು ಹೋಗಿದ್ದರು. ಕೆಳಗೆ ಎರಡೂವರೆ ಅಡಿ ತುಂಬಿದ ಮಣ್ಣು. ಮೊದಲ ಮಳೆಗಾಲದಲ್ಲಿ ಎರಡು ಸಲ ನೀರಿನ ಟ್ಯಾಂಕರ್ ಒಳಗೆ ಬಂದು ಹೋಯಿತು ಅಷ್ಟೇ, ಟ್ರ್ಯಾಕಿನ ನಡುವೆ ಹೆಚ್ಚುಕಡಿಮೆ ಅರ್ಧ ಇಂಚು ಕುಸಿಯಿತು. ಆಮೇಲೆ ಗೇಟನ್ನು ಅರ್ಧ ತೆರೆದು ಕೈಬಿಟ್ಟರೆ ತಾನಾಗಿಯೇ ಹಿಂದಕ್ಕೆ ಉರುಳುತ್ತಿತ್ತು. 200 ಕೆಜಿ ತೂಕದ ಕಬ್ಬಿಣ ತನ್ನಷ್ಟಕ್ಕೆ ತಾನು ಚಲಿಸುವುದನ್ನು, ಅದೂ ಮಕ್ಕಳಿರುವ ಮನೆಯಲ್ಲಿ, ನೋಡಿಕೊಂಡು ಸುಮ್ನೆ ಇರೋದಕ್ಕೆ ಆಗುವುದಿಲ್ಲ. ಎಲ್ಲ ಒಡೆಸಿ ಎರಡನೇ ಸಲ ಪಾಯದಿಂದಲೇ ಮಾಡಿಸಿದೆವು. ಆ ಎರಡನೇ ಸಲದ ಅಳತೆಗಳನ್ನೇ ಇಲ್ಲಿ ಕೊಡುತ್ತಿದ್ದೇನೆ.

ಒಂದು ಮಾತು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಸ್ಲೈಡಿಂಗ್ ಗೇಟಿನ ತೂಕ ಹೊರುವುದು ಕೆಳಗಿನ ಟ್ರ್ಯಾಕು. ಅದು ಬೀಳದಂತೆ ಹಿಡಿಯುವುದು ಮೇಲಿನ ಗೈಡು. ಆ ಗೈಡಿನಿಂದ ಗೇಟು ಆಚೆ ಹೋಗದಂತೆ ತಡೆಯುವುದು ಸ್ಟಾಪರ್ರು. ಈ ಮೂರೂ ಬೇರೆ ಬೇರೆ ಕೆಲಸ. ಸಾಮಾನ್ಯ ಗೇಟಿನ ಹಾಗೆ ಇದನ್ನು ಕಂಬಕ್ಕೆ ಕಟ್ಟಿರುವ ಹಿಂಜ್ ಇಲ್ಲ. ಎರಡು ಚಕ್ರದ ಮೇಲೆ ನಿಂತ ಒಂದು ಹಲಗೆ ಅಂದುಕೊಳ್ಳಿ, ಮೇಲೆ ಹಿಡಿದಿರುವ ಕೈ ಬಿಟ್ಟರೆ ಅದು ಮಲಗುತ್ತದೆ.

ಅಳತೆ: 12 ಅಡಿ ದಾರಿಗೆ 12 ಅಡಿ ಗೇಟ್ ಸಾಲದು

ನಮ್ಮಲ್ಲಿ ಎರಡು ಪಿಲ್ಲರ್ ನಡುವಿನ ದಾರಿ 12 ಅಡಿ. ಗೇಟಿನ ಉದ್ದ 14 ಅಡಿ ಮಾಡಿಸಿದೆವು. ಇಲ್ಲಿ ಎರಡು ಅಡಿ ಹೆಚ್ಚು ಯಾಕೆ ಅಂತ ವೆಲ್ಡರ್ ಕೂಡ ಕೇಳಿದರು. ಮುಚ್ಚಿದಾಗ ಗೇಟಿನ ಮುಂದಿನ ತುದಿ ಎದುರಿನ ಪಿಲ್ಲರ್ ಹಿಂದೆ 3 ಇಂಚು ಹೋಗಿ ನಿಲ್ಲಬೇಕು, ಇಲ್ಲದಿದ್ದರೆ ಸಂದಿಯಲ್ಲಿ ರಸ್ತೆ ಕಾಣುತ್ತದೆ. ಉಳಿದ 21 ಇಂಚು ಹಿಂದಿನ ಬಾಲ. ಗೇಟ್ ಪೂರ್ತಿ ಮುಚ್ಚಿದಾಗಲೂ ಈ ಬಾಲ ಗೈಡ್ ರೋಲರ್‌ಗಳ ನಡುವೆ ಇರಬೇಕು. ಒಂದಲ್ಲ, ಎರಡು ಗೈಡುಗಳ ನಡುವೆ. ಬಾಲ ಚಿಕ್ಕದಾದರೆ ಎರಡು ಗೈಡುಗಳನ್ನು ಒಂದಕ್ಕೊಂದು ತಾಗಿಸಿ ಇಡಬೇಕಾಗುತ್ತದೆ, ಆಗ ಹಿಡಿತ ಬರುವುದಿಲ್ಲ. ಬಾಗಿಲನ್ನು ಎರಡು ಬೆರಳಲ್ಲಿ ಹಿಡಿದ ಹಾಗೆ. ದುಡ್ಡು ಉಳಿಸಲು ಬಾಲವನ್ನು ಮಾತ್ರ ಕತ್ತರಿಸಬೇಡಿ.

ಹಾಗಾದರೆ ಗೇಟ್ ಸರಿದು ನಿಲ್ಲುವ ಕಡೆ ಎಷ್ಟು ಜಾಗ ಬೇಕು? ಗೇಟಿನ ಉದ್ದ 14 ಅಡಿ, ಕೊನೆಯ ಸ್ಟಾಪರ್‌ಗೆ ಅರ್ಧ ಅಡಿ, ಒಟ್ಟು ಹದಿನಾಲ್ಕೂವರೆ. ದಾರಿ 12 ಅಡಿ ಸೇರಿದರೆ ಇಪ್ಪತ್ತಾರೂವರೆ ಅಡಿ. 30 ಅಡಿ ಮುಂಭಾಗ ಇರುವ ಸೈಟಿನಲ್ಲಿ ಪಿಲ್ಲರ್ ಕಳೆದರೆ ಇದು ಬಹಳ ಬಿಗಿ, ಪಕ್ಕದಲ್ಲಿ ಓಡಾಡಲು ಚಿಕ್ಕ ಗೇಟಿಗೆ ಜಾಗ ಉಳಿಯುವುದಿಲ್ಲ. ಆಗ ದಾರಿಯನ್ನು 10 ಅಡಿಗೆ ಇಳಿಸಿ, ಅಥವಾ ಎರಡು ಬಾಗಿಲಿನ ಮಾಮೂಲಿ ಗೇಟೇ ವಾಸಿ. ನಮ್ಮದು 40 ಅಡಿ ಇದ್ದುದರಿಂದ ಇನ್ನೊಂದು ಮಗ್ಗುಲಲ್ಲಿ 3 ಅಡಿಯ ಚಿಕ್ಕ ಗೇಟು ಆರಾಮಾಗಿ ಕೂತಿತು. ಸರಿಯುವ ಜಾಗದಲ್ಲಿ ಮೀಟರ್ ಬಾಕ್ಸು, ಸಂಪಿನ ಮುಚ್ಚಳ, ಗಿಡದ ಪಾತಿ ಏನೂ ಇರಬಾರದು ಅನ್ನೋದನ್ನೂ ಈಗಲೇ ನೋಡಿ.

ಗೇಟು ಓಡುವುದು ಕಾಂಪೌಂಡಿನ ಒಳಮಗ್ಗುಲಲ್ಲಿ. ನಮ್ಮ ಗೋಡೆ 6 ಇಂಚಿನದು, ಪಿಲ್ಲರ್ 12 ಇಂಚಿನದು, ಹಾಗಾಗಿ ಪಿಲ್ಲರ್ ಗೋಡೆಗಿಂತ 3 ಇಂಚು ಒಳಗೆ ಚಾಚಿಕೊಂಡಿದೆ. ಪಿಲ್ಲರ್‌ಗೂ ಗೇಟಿಗೂ 2 ಇಂಚು ಸಂದಿ ಇಟ್ಟೆವು. ಗೇಟಿನ ದಪ್ಪ 40 ಮಿಲಿಮೀಟರ್. ಲೆಕ್ಕ ಹಾಕಿದರೆ ಟ್ರ್ಯಾಕಿನ ನಡುಗೆರೆ ಗೋಡೆಯಿಂದ ಸುಮಾರು 6 ಇಂಚು ದೂರಕ್ಕೆ ಬರುತ್ತದೆ. ಪಿಲ್ಲರ್‌ಗೆ ಮುಂದೆ ಗ್ರಾನೈಟ್ ಅಂಟಿಸುವ ಆಸೆ ಇದ್ದರೆ ಅದರ ದಪ್ಪವನ್ನೂ ಈಗಲೇ ಈ ದೂರಕ್ಕೆ ಸೇರಿಸಿ, ಇಲ್ಲದಿದ್ದರೆ ಆಮೇಲೆ ಗೇಟು ಕಲ್ಲಿಗೆ ಉಜ್ಜುತ್ತದೆ.

ಪಾಯ ತೆಗೆಯುವುದು

ಎದುರಿನ ಪಿಲ್ಲರ್‌ನಿಂದ ಗೇಟ್ ಸರಿದು ನಿಲ್ಲುವ ಕೊನೆಯ ತನಕ 26 ಅಡಿ ಉದ್ದಕ್ಕೆ, ಒಂದು ಅಡಿ ಅಗಲಕ್ಕೆ ಕಾಲುವೆಯ ಹಾಗೆ ತೆಗೆಸಿ. ಆಳವನ್ನು ಮೇಲಿನಿಂದ ಲೆಕ್ಕ ಹಾಕಬೇಕು. ಮುಗಿದ ನೆಲದ ಮಟ್ಟದಿಂದ ಒಂದೂವರೆ ಇಂಚು ಬಿಡಿ, ಅದರ ಕೆಳಗೆ 10 ಇಂಚಿನ ಕಾಂಕ್ರೀಟ್ ಬೀಮು, ಅದರ ಕೆಳಗೆ 4 ಇಂಚಿನ ಬೆಡ್ ಕಾಂಕ್ರೀಟು. ಅಂದರೆ ನೆಲದಿಂದ ಸುಮಾರು 16 ಇಂಚು. ಇದು ಗಟ್ಟಿ ಕೆಂಪು ಮಣ್ಣಿಗೆ ಸಾಕು.

ತುಂಬಿದ ಮಣ್ಣಾದರೆ ಸಾಲದು. ಕಬ್ಬಿಣದ ಹಾರೆಯನ್ನು ತಳಕ್ಕೆ ಕುಟ್ಟಿ ನೋಡಿ, ಮೃದುವಾಗಿ ಇಳಿದರೆ ಇನ್ನೂ ತೆಗೆಯಬೇಕು. ನಮ್ಮಲ್ಲಿ ಗಾಡಿ ಓಡಾಡುವ 12 ಅಡಿಯಲ್ಲಿ ಗಟ್ಟಿ ನೆಲ ಸಿಗುವ ತನಕ, ಅಂದರೆ ಎರಡೂವರೆ ಅಡಿ ಇಳಿದು, ಸೈಜು ಕಲ್ಲಿನ ಕಟ್ಟಡ ಕಟ್ಟಿಸಿ ಬೆಡ್ ಕಾಂಕ್ರೀಟಿನ ಮಟ್ಟಕ್ಕೆ ತಂದೆವು. ಗೇಟ್ ಸರಿದು ನಿಲ್ಲುವ ಕಡೆ ಗಾಡಿಯ ತೂಕ ಬರುವುದಿಲ್ಲ, ಆದರೂ ಅಲ್ಲಿಯೂ ಮಣ್ಣಿಗೆ ನೀರು ಬಿಟ್ಟು ಚೆನ್ನಾಗಿ ದಮ್ಮಸ್ ಮಾಡಿಸಿ, ಮೇಲೆ ಜಲ್ಲಿ ಹಾಕಿ ಕುಟ್ಟಿಸಿದೆವು. ಒಂದು ಅರ್ಧ ಗಟ್ಟಿ, ಇನ್ನೊಂದು ಅರ್ಧ ಮೆತ್ತಗೆ ಇದ್ದರೆ ಬೀಮು ಮಧ್ಯದಲ್ಲಿ ಬಿರುಕು ಬಿಡುತ್ತದೆ.

ದಾವಣಗೆರೆ, ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣಿನವರು ಇಲ್ಲಿ ಇನ್ನೂ ಜಾಗ್ರತೆಯಾಗಿರಬೇಕು. ಆ ಮಣ್ಣು ಮಳೆಗೆ ಊದುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಒಂದೂಕಾಲು ಅಡಿ ಆಳದ ಬೀಮನ್ನು ಅದು ಎತ್ತಿ ಇಳಿಸುತ್ತಲೇ ಇರುತ್ತದೆ. ಅಲ್ಲಿ ಕಡೇಪಕ್ಷ 3 ಅಡಿ ಎರೆ ಮಣ್ಣು ತೆಗೆದು ಹೊರಗೆ ಹಾಕಿಸಿ, ಗರಸನ್ನು ಅರ್ಧರ್ಧ ಅಡಿ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀರು ಹಾಕಿ ಕುಟ್ಟಿಸಿ, ಆಮೇಲೆ ಬೆಡ್ ಹಾಕಿ. ತೆಗೆದ ಎರೆ ಮಣ್ಣನ್ನೇ ಪಕ್ಕಕ್ಕೆ ವಾಪಸ್ ತುಂಬಲು ಬಿಡಬೇಡಿ.

ಗೋಡೆಯ ಪಾಯದ ಕಲ್ಲು ಕಾಲುವೆಯೊಳಗೆ ಚಾಚಿಕೊಂಡಿದ್ದರೆ ಅದನ್ನು ಒಡೆಯಬೇಡಿ, ಟ್ರ್ಯಾಕಿನ ಗೆರೆಯನ್ನೇ ಒಳಕ್ಕೆ ಸರಿಸಿಕೊಳ್ಳಿ. ಬೀಮಿನ ಅರ್ಧ ಅಗಲ ಕಲ್ಲಿನ ಮೇಲೆ, ಅರ್ಧ ಮಣ್ಣಿನ ಮೇಲೆ ಕೂತರೆ ಅದು ಒಂದು ಕಡೆಗೆ ವಾಲುತ್ತದೆ. ಗೇಟು ತೆರೆಯಲು ಮುಂದೆ ಯಾವತ್ತಾದರೂ ಮೋಟರ್ ಹಾಕುವ ಯೋಚನೆ ಇದ್ದರೆ, ಬೆಡ್ ಹಾಕುವ ಮೊದಲು ಒಂದು ಇಂಚಿನ ಪೈಪನ್ನು ಕಾಲುವೆಗೆ ಅಡ್ಡವಾಗಿ ತಳದಲ್ಲಿ ದಾಟಿಸಿ ಬಿಡಿ. ಆಗ ನೂರು ರೂಪಾಯಿಯ ಪೈಪು, ಆಮೇಲೆ ಬೀಮು ಕೊರೆಯುವ ಕೆಲಸ.

ಬೀಮು ಮತ್ತು ಪ್ಲೇಟುಗಳು

ಬೆಡ್ ಕಾಂಕ್ರೀಟು 1:4:8, ಒಂದು ಚೀಲ ಸಿಮೆಂಟಿನಲ್ಲಿ ಮುಗಿಯುತ್ತದೆ. ಅದರ ಮೇಲೆ 10 ಇಂಚು ಅಗಲ, 10 ಇಂಚು ಎತ್ತರದ ಬೀಮು. 10 ಮಿಲಿಮೀಟರಿನ 4 ಕಂಬಿ, 8 ಮಿಲಿಮೀಟರಿನ ರಿಂಗು 8 ಇಂಚಿಗೊಂದು. 12 ಮೀಟರಿನ ಕಂಬಿಯಲ್ಲಿ 26 ಅಡಿ ಜೋಡಣೆಯಿಲ್ಲದೆ ಬರುತ್ತದೆ, ಹಾಗೆಯೇ ತೆಗೆದುಕೊಳ್ಳಿ. ಕಂಬಿಯ ತಳಕ್ಕೆ ಒಂದೂವರೆ ಇಂಚಿನ ಕವರ್ ಬ್ಲಾಕ್ ಇಡಿಸಿ. ಕಾಂಕ್ರೀಟು 1:1.5:3. ಇಷ್ಟು ಬೀಮಿಗೆ 4 ಚೀಲ ಸಿಮೆಂಟು, ಸುಮಾರು 8 ಘನ ಅಡಿ ಎಂ ಸ್ಯಾಂಡು, 15 ಘನ ಅಡಿ ಮುಕ್ಕಾಲು ಇಂಚಿನ ಜಲ್ಲಿ ಬೇಕಾಯಿತು.

ಈಗ ಮುಖ್ಯವಾದ ವಿಷಯ. ಸಾಮಾನ್ಯವಾಗಿ ಟ್ರ್ಯಾಕಿಗೇ ಕಂಬಿಯ ತುಂಡುಗಳನ್ನು ವೆಲ್ಡ್ ಮಾಡಿ, ಹಸಿ ಕಾಂಕ್ರೀಟಿನಲ್ಲಿ ಒತ್ತಿ ಕೂರಿಸುತ್ತಾರೆ. ಹಾಗೆ ಮಾಡಿದರೆ ಮಟ್ಟ ಸಿಗುವುದು ಅದೃಷ್ಟ. ಕಾಂಕ್ರೀಟ್ ಸುರಿಯುವಾಗ ಯಾರೋ ಟ್ರ್ಯಾಕಿನ ಮೇಲೆ ಕಾಲಿಟ್ಟರೆ ಸಾಕು, ಎರಡು ಮೂರು ಮಿಲಿಮೀಟರ್ ಇಳಿದುಬಿಡುತ್ತದೆ, ಗಟ್ಟಿಯಾದ ಮೇಲೆ ಏನೂ ಮಾಡಲಾಗುವುದಿಲ್ಲ. ನನ್ನ ಪ್ರಕಾರ ಇದನ್ನು ಎರಡು ಹಂತದಲ್ಲೇ ಮಾಡಬೇಕು. ಮೊದಲು ಬೀಮಿನಲ್ಲಿ ಬರೀ ಪ್ಲೇಟುಗಳು. 4 ಇಂಚು ಚೌಕದ, 6 ಮಿಲಿಮೀಟರ್ ದಪ್ಪದ ಪ್ಲೇಟಿಗೆ ಕೆಳಗೆ ಕಂಬಿಯ ಕಾಲುಗಳನ್ನು ವೆಲ್ಡ್ ಮಾಡಿ, 2 ಅಡಿಗೊಂದರಂತೆ 14 ಪ್ಲೇಟುಗಳನ್ನು ಟ್ರ್ಯಾಕಿನ ಗೆರೆಯ ಮೇಲೆ ಬೀಮಿನ ಕಂಬಿಗೆ ಕಟ್ಟಿ. ಪ್ಲೇಟಿನ ಮುಖ ಬೀಮಿನ ಮೇಲ್ಮಟ್ಟಕ್ಕೆ ಸರಿಯಾಗಿ ಬರಲಿ, ಅಂದರೆ ಮುಗಿಯುವ ನೆಲಕ್ಕಿಂತ ಒಂದೂವರೆ ಇಂಚು ಕೆಳಗೆ. ಇಲ್ಲಿ ಐದು ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ಪರವಾಗಿಲ್ಲ, ಮುಂದಿನ ಹಂತದಲ್ಲಿ ಸರಿಯಾಗುತ್ತದೆ. ಬೀಮಿನ ಮೇಲ್ಮೈಯನ್ನು ನುಣ್ಣಗೆ ಮಾಡಿಸಬೇಡಿ, ಒರಟಾಗಿಯೇ ಬಿಡಿ. ಗೋಣಿಚೀಲ ಹೊದಿಸಿ ಏಳು ದಿನ ಬಿಡದೆ ನೀರು ಹಾಕಿ.

ಟ್ರ್ಯಾಕು: ತಿರುವಿ ಹಾಕಿದ ಆಂಗಲ್

ನಾವು ಹಾಕಿದ್ದು 40x40x5 ಆಂಗಲ್, ಮೂಲೆ ಮೇಲಕ್ಕೆ ಬರುವಂತೆ ತಿರುವಿ. ಅದರ ಮೇಲೆ ವಿ ಆಕಾರದ ತೋಡು ಇರುವ ಚಕ್ರ ಓಡುತ್ತದೆ. ದುಂಡು ರಾಡಿನ ಟ್ರ್ಯಾಕೂ ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕೆ ಯು ಆಕಾರದ ಚಕ್ರವೇ ಬೇಕು. ಅಂಗಡಿಯಲ್ಲಿ ಇದ್ದದ್ದನ್ನು ತಂದು ವಿ ಚಕ್ರವನ್ನು ದುಂಡು ರಾಡಿನ ಮೇಲೆ ಓಡಿಸಿದರೆ ಎರಡು ಗೆರೆಯ ಮೇಲಷ್ಟೇ ತೂಕ ಬಿದ್ದು ಎರಡೂ ಸವೆಯುತ್ತವೆ. ಚಕ್ರ ಮತ್ತು ಟ್ರ್ಯಾಕನ್ನು ಒಟ್ಟಿಗೆ ತಂದು, ಒಂದರ ಮೇಲೊಂದು ಇಟ್ಟು, ಬೆಳಕಿಗೆ ಹಿಡಿದು ನೋಡಿ. ಎರಡೂ ಕೆನ್ನೆ ತಾಗಬೇಕು, ತೋಡಿನ ತಳದಲ್ಲಿ ಸ್ವಲ್ಪ ಸಂದಿ ಇರಬೇಕು.

ತಿರುವಿ ಹಾಕಿದ ಈ ಆಂಗಲ್ಲಿನ ಎತ್ತರ 28 ಮಿಲಿಮೀಟರ್ ಬರುತ್ತದೆ. ಅದರಲ್ಲಿ 20 ಮಿಲಿಮೀಟರ್ ನೆಲದ ಮೇಲೆ ಕಾಣಲಿ, 8 ಒಳಗೆ ಹೋಗಲಿ. ಕಡಿಮೆ ಬಿಟ್ಟರೆ ಚಕ್ರದ ಅಂಚು ನೆಲಕ್ಕೆ ಉಜ್ಜುತ್ತದೆ. ಜಾಸ್ತಿ ಬಿಟ್ಟರೆ ಸ್ಕೂಟರ್ ದಾಟುವಾಗ ಎತ್ತಿ ಹಾಕುತ್ತದೆ.

ಆಂಗಲ್ ಬರುವುದು 20 ಅಡಿ ಉದ್ದಕ್ಕೆ. 26 ಅಡಿಗೆ ಒಂದು ಜೋಡಣೆ ತಪ್ಪದು. ಅದನ್ನು ಗೇಟ್ ಸರಿದು ನಿಲ್ಲುವ ಕಡೆಗೆ, ಒಂದು ಪ್ಲೇಟಿನ ಮೇಲೆಯೇ ಬರುವಂತೆ ಇಡಿ, ಗಾಡಿ ದಾಟುವ ದಾರಿಯಲ್ಲಿ ಬೇಡ. ಎರಡು ತುದಿಗಳ ಅಂಚನ್ನು ಸ್ವಲ್ಪ ಇಳಿಜಾರು ಉಜ್ಜಿ, ಪೂರ್ತಿ ವೆಲ್ಡ್ ತುಂಬಿಸಿ, ಗ್ರೈಂಡರ್‌ನಲ್ಲಿ ಸಮ ಮಾಡಿಸಿ. ಆಮೇಲೆ ಕಣ್ಣು ಮುಚ್ಚಿ ಬೆರಳನ್ನು ಮೇಲೆ ಎಳೆಯಿರಿ. ಬೆರಳಿಗೆ ಜೋಡಣೆ ಎಲ್ಲಿದೆ ಅಂತ ಗೊತ್ತಾದರೆ ಚಕ್ರಕ್ಕೂ ಗೊತ್ತಾಗುತ್ತದೆ, ಪ್ರತಿ ಸಲ ಟಕ್ ಅನ್ನುತ್ತದೆ.

ಮಟ್ಟ ನೋಡಲು ಚಿಕ್ಕ ಮಟ್ಟಗೋಲನ್ನು ನಂಬಬೇಡಿ. 26 ಅಡಿಯಲ್ಲಿ ಅದರ ತಪ್ಪು ಸೇರುತ್ತಾ ಹೋಗುತ್ತದೆ. ಮೇಸ್ತ್ರಿಗಳ ಹತ್ತಿರ ಇರುವ ನೀರಿನ ಲೆವೆಲ್ ಟ್ಯೂಬೇ ಸಾಕು. ಟ್ಯೂಬಿನಲ್ಲಿ ಗಾಳಿ ಗುಳ್ಳೆ ಇರಬಾರದು, ಅದೊಂದನ್ನು ನೋಡಿಕೊಳ್ಳಿ. ಎರಡು ತುದಿಯಲ್ಲೂ ನೀರಿನ ಮಟ್ಟಕ್ಕೆ ಗುರುತು ಹಾಕಿ, ನೈಲಾನ್ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ. ಪ್ರತಿ ಪ್ಲೇಟಿನ ಹತ್ತಿರವೂ ದಾರದಿಂದ ಆಂಗಲ್ಲಿನ ಮೂಲೆಗೆ ಎಷ್ಟು ಅಂತ ಅಳೆಯಿರಿ. ಆದರೆ 26 ಅಡಿ ದಾರ ನಡುವೆ ಸ್ವಲ್ಪ ಜೋಲುತ್ತದೆ, ಹಾಗಾಗಿ ಮಧ್ಯದ ಪ್ಲೇಟಿನ ಹತ್ತಿರ ಮತ್ತೊಮ್ಮೆ ಟ್ಯೂಬನ್ನೇ ಹಿಡಿದು ನೋಡಿ. ಪ್ಲೇಟಿಗೂ ಆಂಗಲ್ಲಿಗೂ ನಡುವೆ 30 ಮಿಲಿಮೀಟರಿನಷ್ಟು ಸಂದಿ ಇರುತ್ತದಲ್ವಾ, ಅಲ್ಲಿ ಪಟ್ಟಿಯ ತುಂಡುಗಳನ್ನು ಬೇಕಾದ ಎತ್ತರಕ್ಕೆ ಕತ್ತರಿಸಿ ನಿಲ್ಲಿಸಿ, ಮೊದಲು ಚುಕ್ಕೆ ವೆಲ್ಡ್ ಮಾತ್ರ ಹಾಕಿಸಿ. ಎಲ್ಲಾ 14 ಕಡೆ ಅಳೆದು ಸರಿ ಬಂದ ಮೇಲೆ ಪೂರ್ತಿ ವೆಲ್ಡ್. ಅದನ್ನೂ ಒಂದು ತುದಿಯಿಂದ ಸಾಲಾಗಿ ಮಾಡಿಸಬೇಡಿ, ಶಾಖಕ್ಕೆ ಆಂಗಲ್ ಬಿಲ್ಲಿನಂತೆ ಬಾಗುತ್ತದೆ. ಇಲ್ಲೊಂದು ಅಲ್ಲೊಂದು ಬಿಟ್ಟು ಬಿಟ್ಟು ಮಾಡಿಸಿ.

10 ಅಡಿಗೆ 3 ಮಿಲಿಮೀಟರ್ ಒಳಗೆ ಬಂದರೆ ಒಳ್ಳೆಯ ಕೆಲಸ. ರಸ್ತೆ ಇಳಿಜಾರು ಇದ್ದರೂ ಟ್ರ್ಯಾಕ್ ಮಾತ್ರ ಮಟ್ಟವಾಗಿಯೇ ಇರಬೇಕು, ನೆಲವನ್ನು ಅದಕ್ಕೆ ಹೊಂದಿಸಿ, ಟ್ರ್ಯಾಕನ್ನು ನೆಲಕ್ಕೆ ಹೊಂದಿಸಬೇಡಿ. ಹಾಗೆಯೇ ಮೇಲಿನಿಂದ ನೋಡಿದಾಗಲೂ ಅದು ನೇರ ಗೆರೆಯಾಗಿರಬೇಕು, ದಾರವನ್ನು ಪಕ್ಕಕ್ಕೆ ಹಿಡಿದು ಅದನ್ನೂ ನೋಡಿ.

ಆಮೇಲೆ ಆಂಗಲ್ಲಿನ ಹೊಟ್ಟೆ ತುಂಬಬೇಕು. ಬೀಮಿನ ಮೇಲೆ ಸಿಮೆಂಟು ಹಾಲು ಬಳಿದು, ಚಿಕ್ಕ ಜಲ್ಲಿಯ ಸಡಿಲ ಕಾಂಕ್ರೀಟನ್ನು ಒಂದು ಮಗ್ಗುಲಿನಿಂದ ಮಾತ್ರ ತಳ್ಳುತ್ತಾ ಹೋಗಿ, ಇನ್ನೊಂದು ಮಗ್ಗುಲಿನಲ್ಲಿ ಹೊರಬರುವ ತನಕ. ಎರಡು ಕಡೆಯಿಂದ ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಡಬಡಬ ಅಂದ ಕಡೆ ಟೊಳ್ಳು, ಅಲ್ಲಿ ಗಾಡಿ ಹತ್ತಿದಾಗ ಆಂಗಲ್ ಬಾಗುತ್ತದೆ, ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ.

ನೀರಿನ ವಿಷಯ ಬಂತು. ನೆಲದ ಮೇಲೆ 20 ಮಿಲಿಮೀಟರ್ ಎದ್ದ ಆಂಗಲ್ ಅಂದರೆ ಅದೊಂದು ಪುಟ್ಟ ಬದು. ಅಂಗಳದ ನೀರು ಹೊರಗೆ ಹೋಗದೆ ಅದರ ಹಿಂದೆ ನಿಲ್ಲುತ್ತದೆ. ಟ್ರ್ಯಾಕಿನ ಒಳಮಗ್ಗುಲಿಗೆ 2 ಇಂಚು ಅಗಲದ, ಒಂದು ಇಂಚು ಆಳದ ಚಿಕ್ಕ ಕಾಲುವೆ ಬಿಟ್ಟು, ಅದನ್ನು ಒಂದು ತುದಿಯ ಚೇಂಬರ್‌ಗೆ ಇಳಿಸಿ. ಕಸವೂ ಅಲ್ಲೇ ಸೇರುವುದರಿಂದ ಗುಡಿಸಲು ಸುಲಭ.

ಚಕ್ರ ಎಷ್ಟು, ಎಂಥದ್ದು

ಮೊದಲು ಗೇಟಿನ ತೂಕ ಗೊತ್ತಿರಬೇಕು. ಒಂದು ಮಿಲಿಮೀಟರ್ ದಪ್ಪದ ಕಬ್ಬಿಣದ ಶೀಟು ಚದರ ಅಡಿಗೆ 0.73 ಕೆಜಿ. ನಮ್ಮ ಗೇಟು 14 ಅಡಿ ಉದ್ದ, 5 ಅಡಿ ಎತ್ತರ, ಅಂದರೆ 70 ಚದರ ಅಡಿ. 2 ಮಿಲಿಮೀಟರ್ ಶೀಟಿಗೆ 102 ಕೆಜಿ. ಸುತ್ತಲಿನ 80x40x3 ಪೈಪು ಸುಮಾರು 60 ಕೆಜಿ, ಒಳಗಿನ ಅಡ್ಡ ಉದ್ದ ಪೈಪುಗಳು, ಲಾಕು, ಚಕ್ರ ಎಲ್ಲ ಸೇರಿ 200ರ ಹತ್ತಿರ ಬರುತ್ತದೆ.

ಚಕ್ರ ಎರಡೇ ಸಾಕು. ತೂಕ ಜಾಸ್ತಿ ಅಂತ ನಡುವೆ ಮೂರನೆಯದನ್ನು ಹಾಕುವವರಿದ್ದಾರೆ. ಟ್ರ್ಯಾಕು ಒಂದು ಕೂದಲಷ್ಟು ಏರುಪೇರಾದರೂ ಮೂರರಲ್ಲಿ ಒಂದು ಗಾಳಿಯಲ್ಲಿ ಇರುತ್ತದೆ, ಅಥವಾ ನಡುವಿನದರ ಮೇಲೆ ಗೇಟು ತಕ್ಕಡಿಯ ಹಾಗೆ ಆಡುತ್ತದೆ. ಅದರ ಬದಲು ಎರಡೇ ಚಕ್ರ, ಆದರೆ ಒಂದೊಂದೂ ಪೂರ್ತಿ ಗೇಟಿನ ತೂಕ ಹೊರುವಂಥದ್ದು ತನ್ನಿ. ಅರ್ಧ ತೂಕ ಪ್ರತಿ ಚಕ್ರಕ್ಕೆ ಬರುವುದು ಗೇಟು ನಿಂತಾಗ. ಓಡುವಾಗ, ಕಲ್ಲು ಸಿಕ್ಕಾಗ ಬೀಳುವ ಪೆಟ್ಟು ಬೇರೆ. ನಾವು 100 ಮಿಲಿಮೀಟರಿನ ಚಕ್ರ ಹಾಕಿದೆವು. ಚಿಕ್ಕ ಚಕ್ರ ಸಣ್ಣ ಕಲ್ಲಿಗೂ ತಡೆಯುತ್ತದೆ, ದೊಡ್ಡದು ದಾಟುತ್ತದೆ. ಒಳಗೆ ಬಾಲ್ ಬೇರಿಂಗ್ ಇದೆಯಾ, ಎರಡೂ ಕಡೆ ರಬ್ಬರ್ ಸೀಲ್ ಇದೆಯಾ ನೋಡಿ. ಸೀಲಿಲ್ಲದ ಬೇರಿಂಗಿಗೆ ನಮ್ಮ ಮಳೆ ಮತ್ತು ದೂಳಿನಲ್ಲಿ ಬಹಳ ಆಯಸ್ಸಿಲ್ಲ.

ಎರಡು ತುದಿಯಿಂದಲೂ ಒಂದೊಂದು ಅಡಿ ಒಳಗೆ, ಕೆಳಗಿನ ಪೈಪನ್ನು ಕೊರೆದು ಚಕ್ರ ಕೂರಿಸಿ. ಬೋಲ್ಟಿನಲ್ಲಿ ಕೂರಿಸಿ, ವೆಲ್ಡ್ ಬೇಡ, ಮುಂದೆ ಬದಲಾಯಿಸಬೇಕಾಗುತ್ತದೆ. ಎರಡೂ ಚಕ್ರದ ತೋಡು ಒಂದೇ ಗೆರೆಯಲ್ಲಿ ಇರುವುದು ಮುಖ್ಯ. ಗೇಟನ್ನು ಮಲಗಿಸಿರುವಾಗಲೇ ಒಂದು ತೋಡಿನಿಂದ ಇನ್ನೊಂದಕ್ಕೆ ದಾರ ಎಳೆದು ನೋಡಿ. ಒಂದು ಓರೆಯಾಗಿದ್ದರೆ ಅದು ಪ್ರತಿ ಸಲವೂ ಟ್ರ್ಯಾಕಿನಿಂದ ಹತ್ತಿ ಇಳಿಯಲು ನೋಡುತ್ತದೆ, ಕಿರ್ ಅಂತ ಸದ್ದು ಬರುತ್ತದೆ, ತಿಂಗಳಲ್ಲಿ ಆಂಗಲ್ಲಿನ ಒಂದು ಕೆನ್ನೆ ಮಾತ್ರ ಹೊಳೆಯತೊಡಗುತ್ತದೆ. ಹಾಗೆಯೇ ಕೆಳಗಿನ ಪೈಪಿಗೆ ಎರಡು ಮೂರು ಕಡೆ ನೀರಿಳಿಯಲು ತೂತು ಹಾಕಿಸಿ. ಶೀಟನ್ನು ಉದ್ದಕ್ಕೂ ಒಂದೇ ಸಮನೆ ವೆಲ್ಡ್ ಮಾಡಿದರೆ ಗೇಟು ಬಾಗುತ್ತದೆ, 2 ಇಂಚು ವೆಲ್ಡು, 6 ಇಂಚು ಬಿಡುವು, ಹೀಗೆ ಮಾಡಿಸಿ.

ಗೈಡು ಕಂಬಗಳು

ಇಲ್ಲಿಯೇ ಬಹಳ ಜನ ಉಳಿತಾಯ ಮಾಡುವುದು, ಗೇಟು ಬೀಳುವುದೂ ಇಲ್ಲಿಂದಲೇ. ಗೋಡೆಗೆ ಎರಡು ಸ್ಕ್ರೂ ಹಾಕಿ ಒಂದು ಬ್ರಾಕೆಟ್ ತಗುಲಿಸಿ, ಅದರಲ್ಲಿ ಎರಡು ನೈಲಾನ್ ರೋಲರ್. ಮುಗೀತು ಅನ್ನುತ್ತಾರೆ.

ಗಾಳಿಯ ಲೆಕ್ಕ ನೋಡಿ. ಕಟ್ಟಡಗಳ ಮೇಲೆ ಬೀಳುವ ಭಾರಕ್ಕೆ ಇರುವ ಭಾರತೀಯ ಮಾನದಂಡ ಐಎಸ್ 875 ಪ್ರಕಾರ ಬೆಂಗಳೂರು, ಮೈಸೂರಿಗೆ ವಿನ್ಯಾಸಕ್ಕೆ ಹಿಡಿಯುವ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಆ ವೇಗದಲ್ಲಿ ಚದರ ಮೀಟರಿಗೆ ಸುಮಾರು 66 ಕೆಜಿಯಷ್ಟು ಒತ್ತಡ. ನಮ್ಮ ಗೇಟು ಆರೂವರೆ ಚದರ ಮೀಟರ್, ಪೂರ್ತಿ ಶೀಟು ಹೊಡೆದದ್ದು. ಅಂದರೆ 400 ಕೆಜಿಗೂ ಮೇಲೆ. ಅರ್ಧ ಟ್ರ್ಯಾಕಿಗೆ ಹೋದರೂ ಇನ್ನರ್ಧವನ್ನು ಮೇಲಿನ ಗೈಡು ಮತ್ತು ಎದುರಿನ ಪಿಲ್ಲರ್ ಹಂಚಿಕೊಳ್ಳಬೇಕು. ಮಂಗಳೂರಿನಲ್ಲಿ ಮೂಲ ವೇಗ 39 ಮೀಟರ್, ಅಲ್ಲಿ ಇದೇ ಗೇಟಿಗೆ 600 ಕೆಜಿ ಹತ್ತಿರ ಬರುತ್ತದೆ. ಕರಾವಳಿಯವರು ಪೂರ್ತಿ ಶೀಟಿನ ಬದಲು ಪಟ್ಟಿಗಳ ನಡುವೆ ಸಂದಿ ಬಿಟ್ಟ ಗೇಟು ಮಾಡಿಸಿದರೆ ಒಳ್ಳೆಯದು.

ನಾವು ಗೋಡೆಯನ್ನು ನಂಬದೆ ಬೇರೆಯೇ ಕಂಬ ನಿಲ್ಲಿಸಿದೆವು. 75x75x4 ಚೌಕ ಪೈಪು, ಒಂದೂವರೆ ಅಡಿ ಚೌಕದ ಗುಂಡಿ, ಎರಡೂವರೆ ಅಡಿ ಆಳ, ಸುತ್ತ ಕಾಂಕ್ರೀಟು. ಮೊದಲ ಕಂಬ ದಾರಿಯ ಅಂಚಿನಿಂದ 3 ಇಂಚು ಹಿಂದೆ, ಗೇಟಿನ ಒಳಮಗ್ಗುಲಿಗೆ. ಎರಡನೆಯದು ಅಲ್ಲಿಂದ 15 ಇಂಚು ಹಿಂದೆ. ಮುಚ್ಚಿದಾಗ ಗೇಟಿನ ಬಾಲ 21 ಇಂಚು ಇರುವುದರಿಂದ ಎರಡನ್ನೂ ದಾಟಿ ಇನ್ನೂ 3 ಇಂಚು ಉಳಿಯುತ್ತದೆ. ಎರಡು ಕಂಬದ ತಲೆಗಳನ್ನು ಒಂದು ಪೈಪಿನಿಂದ ಸೇರಿಸಿದೆವು. ಪ್ರತಿ ಕಂಬದ ತಲೆಯಿಂದ ಗೇಟಿನ ಮೇಲೆ ದಾಟುವ ಗಟ್ಟಿ ಬ್ರಾಕೆಟ್, ಅದರಲ್ಲಿ ಗೇಟಿನ ಮೇಲಿನ ಪೈಪಿನ ಎರಡು ಮಗ್ಗುಲಿಗೂ ಒಂದೊಂದು 40 ಮಿಲಿಮೀಟರ್ ನೈಲಾನ್ ರೋಲರ್. ಪೈಪಿಗೂ ರೋಲರಿಗೂ 2 ಮಿಲಿಮೀಟರ್ ಸಂದಿ ಸಾಕು. ರೋಲರಿನ ಬೋಲ್ಟಿಗೆ ಬ್ರಾಕೆಟಿನಲ್ಲಿ ಉದ್ದನೆಯ ತೂತು ಬಿಡಿಸಿ, ಆಗ ಸರಿಸಿ ಬಿಗಿ ಮಾಡಬಹುದು. ನೆನಪಿಡಿ, ಗೇಟಿನ ಮೇಲಿನ ಪೈಪು ಈ ಬ್ರಾಕೆಟಿನ ಕೆಳಗೆ ಓಡಬೇಕು, ಹಾಗಾಗಿ ಅದರ ಮೇಲೆ ಈಟಿ, ಹೂವು ಏನೂ ಎದ್ದಿರಬಾರದು.

ಎದುರಿನ ಪಿಲ್ಲರ್‌ನಲ್ಲಿ ಯು ಆಕಾರದ ಹಿಡಿಕೆ. ಮುಚ್ಚಿದಾಗ ಗೇಟಿನ ಮುಂದಿನ ತುದಿ ಅದರೊಳಗೆ ಹೊಕ್ಕು ನಿಲ್ಲುತ್ತದೆ. ಅಂಥದ್ದೇ ಇನ್ನೊಂದನ್ನು ಕೊನೆಯ ಸ್ಟಾಪರ್ ಕಂಬದಲ್ಲಿ ಇಡಿ, ತೆರೆದಾಗ ಬಾಲ ಅದರೊಳಗೆ ಹೋಗಬೇಕು. ಇದನ್ನು ಬಹಳ ಕಡೆ ಮರೆಯುತ್ತಾರೆ. ಪೂರ್ತಿ ತೆರೆದ ಗೇಟಿನ 12 ಅಡಿ ಉದ್ದ ಯಾವ ಹಿಡಿತವೂ ಇಲ್ಲದೆ ಗಾಳಿಗೆ ನಿಂತಿರುತ್ತದೆ ಅಂತ ಯೋಚಿಸಿ.

ಸ್ಟಾಪರ್ ಮತ್ತು ಗೇಟ್ ಎತ್ತುವ ದಿನ

ತೆರೆಯುವ ಕಡೆಯ ಸ್ಟಾಪರ್ ಎಲ್ಲಿ ಬರಬೇಕು ಅಂದರೆ, ಗೇಟಿನ ಮುಂದಿನ ಅಂಚು ಮೊದಲ ಗೈಡಿನಿಂದ ಇನ್ನೂ 3 ಇಂಚು ಮುಂದೆ ಇರುವಾಗಲೇ ಬಾಲ ಅದಕ್ಕೆ ತಾಗಬೇಕು. ಗೇಟು ಗೈಡಿನಿಂದ ಪೂರ್ತಿ ಆಚೆ ಬಂದರೆ ಅದು ಬಿದ್ದ ಹಾಗೆಯೇ. ಟ್ರ್ಯಾಕಿನ ಮೇಲೆ ಒಂದು ಚಿಕ್ಕ ತುಂಡು ವೆಲ್ಡ್ ಮಾಡಿ ಸ್ಟಾಪರ್ ಅಂದರೆ ಒಪ್ಪಬೇಡಿ, ಜೋರಾಗಿ ತಳ್ಳಿದಾಗ ಚಕ್ರ ಅದನ್ನು ಹತ್ತಿ ದಾಟಬಹುದು. ನೆಲದಲ್ಲಿ ಹೂತ ಕಂಬ ಬೇಕು, ಗೇಟಿನ ಚೌಕಟ್ಟಿಗೇ ತಾಗಬೇಕು, ಮುಖಕ್ಕೆ ದಪ್ಪ ರಬ್ಬರ್. ಮುಚ್ಚುವ ಕಡೆಯೂ ಹೀಗೆಯೇ.

ಕಂಬಗಳ ಕಾಂಕ್ರೀಟಿಗೆ ಒಂದು ವಾರ ನೀರು ಕುಡಿಸಿದ ಮೇಲೆಯೇ ಗೇಟು ತನ್ನಿ. ಆ ಹೊತ್ತಿಗೆ ಎರಡೂ ಸ್ಟಾಪರ್ ಕಂಬ, ಗೈಡು ಕಂಬ ಎಲ್ಲ ನಿಂತಿರಬೇಕು, ಗೈಡಿನ ಒಳಮಗ್ಗುಲ ರೋಲರ್ ಮತ್ತು ಬ್ರಾಕೆಟ್ ಮಾತ್ರ ಬಿಚ್ಚಿರಲಿ. ಆರು ಜನ ಬೇಕು. ಚಕ್ರಗಳನ್ನು ಟ್ರ್ಯಾಕಿಗೆ ಕೂರಿಸಿದ ತಕ್ಷಣ ಮೇಲಿನ ಪೈಪಿಗೆ ಹಗ್ಗ ಹಾಕಿ ಗೈಡು ಕಂಬಕ್ಕೂ ಪಿಲ್ಲರ್‌ಗೂ ಕಟ್ಟಿ, ಆಮೇಲೆ ಕೈ ಬಿಡಿ. ಬ್ರಾಕೆಟ್ ಬಿಗಿಯುವ ಮುಂಚೆ ಯಾರೂ ಟೀ ಕುಡಿಯಲು ಹೋಗುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಮಕ್ಕಳನ್ನು ಆ ದಿನ ಅಂಗಳಕ್ಕೆ ಬಿಡಬೇಡಿ.

ಗೇಟಿನ ಮುಖಕ್ಕೆ ತೂಗುಗುಂಡು ಹಿಡಿದು ನೆಟ್ಟಗಿದೆಯಾ ನೋಡಿ, ಅದಕ್ಕೆ ತಕ್ಕಂತೆ ರೋಲರ್ ಸರಿಸಿ ಬಿಗಿ ಮಾಡಿ. ಈಗ ಮೆಲ್ಲಗೆ ತಳ್ಳಿ. ಒಂದೇ ಜಾಗದಲ್ಲಿ ಬಿಗಿಯಾದರೆ ಎರಡು ಕಾರಣ ಇರಬಹುದು. ಗೇಟಿನ ಮೇಲೆ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ರೋಲರನ್ನು ಸ್ವಲ್ಪ ಸಡಿಲ ಮಾಡಿ ಮತ್ತೆ ತಳ್ಳಿ. ಬಿಗಿ ಹೋದರೆ ಗೇಟಿನ ಪೈಪೇ ಅಲ್ಲಿ ಬಾಗಿದೆ. ಸಡಿಲ ಮಾಡಿದರೂ ಹೋಗದಿದ್ದರೆ ತಪ್ಪು ಟ್ರ್ಯಾಕಿನದು. ಆಮೇಲೆ ಗೇಟನ್ನು ಕಾಲು ಭಾಗ, ಅರ್ಧ, ಮುಕ್ಕಾಲು ತೆರೆದು ಪ್ರತಿ ಸಲವೂ ಕೈ ಬಿಡಿ. ಎಲ್ಲಿ ಬಿಟ್ಟರೆ ಅಲ್ಲಿಯೇ ನಿಲ್ಲಬೇಕು. ನಾನು ಹುಕ್ಕಿರುವ ಸ್ಪ್ರಿಂಗ್ ತಕ್ಕಡಿ ಹಾಕಿ ಎಳೆದೂ ನೋಡಿದೆ, 5 ಕೆಜಿಗೆ ಗೇಟು ಹೊರಟಿತು. ನಿಮ್ಮದಕ್ಕೂ ಒಮ್ಮೆ ಅಳೆದು ಬರೆದಿಡಿ. ಮುಂದೆ ಅದು 8, 10 ಆಗುತ್ತಾ ಹೋದರೆ ಬೇರಿಂಗ್ ಹೋಗುತ್ತಿದೆ ಅಂತ ಸದ್ದು ಬರುವ ಮೊದಲೇ ಗೊತ್ತಾಗುತ್ತದೆ.

ಟ್ರ್ಯಾಕಿಗೆ ಎಣ್ಣೆ, ಗ್ರೀಸ್ ಏನೂ ಹಾಕಬೇಡಿ, ಮರಳು ಅಂಟಿಕೊಂಡು ಉಜ್ಜುವ ಕಾಗದದಂತೆ ಆಗುತ್ತದೆ. ಪೊರಕೆ ಸಾಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಗೈಡಿನ ಬೋಲ್ಟುಗಳನ್ನು ಸ್ಪ್ಯಾನರ್ ಹಾಕಿ ನೋಡಿ, ನೈಲಾನ್ ರೋಲರ್ ಸವೆದು ಸಂದಿ 5 ಮಿಲಿಮೀಟರ್ ದಾಟಿದ್ದರೆ ಬದಲಾಯಿಸಿ, ಸ್ಟಾಪರ್ ಕಂಬವನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಕಂಬ ಸ್ವಲ್ಪ ಅಲ್ಲಾಡಿದರೂ ಅದನ್ನು ಸರಿ ಮಾಡಿಸುವ ತನಕ ಗೇಟನ್ನು ಮುಚ್ಚಿ ಬೀಗ ಹಾಕಿ, ಚಿಕ್ಕ ಗೇಟಿನಲ್ಲೇ ಓಡಾಡಿ.